ನಿಷ್ಪನ್ನ ಎಲ್ಲೆಡೆ ಸೊನ್ನೆಯಾದರೆ ಫಲನ ಸ್ಥಿರ: ಒಂದು ಪೂರ್ಣ ಸಾಧನೆ

ಬಿ.ಎಸ್ಸಿ. ಎರಡನೆಯ ಸೆಮಿಸ್ಟರಿನ ಆಂತರಿಕ ಪರೀಕ್ಷೆಯಲ್ಲಿ ಕೇಳಿದ್ದ ನಾಲ್ಕು ಅಂಕಗಳ ಪ್ರಶ್ನೆಯೊಂದಕ್ಕೆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಸಾಲಿನ ಉತ್ತರ ಬರೆದಿದ್ದರಿಂದ ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇನೆ. ಒಂದು ಅಂತರಾಳದ ಪ್ರತಿಯೊಂದು ಬಿಂದುವಿನಲ್ಲಿಯೂ ನಿಷ್ಪನ್ನವು, ಅಂದರೆ ತರಗತಿಯಲ್ಲಿ ನಾವು ಡೆರಿವೇಟಿವ್ ಎನ್ನುವುದು, ಸೊನ್ನೆಯಾಗಿರುವ ಫಲನವು ಸ್ಥಿರ ಫಲನವೆಂದು ಸಾಧಿಸಿ ಎಂಬುದು ಪ್ರಶ್ನೆ. «f′(x) = 0, ಎರಡೂ ಬದಿಗಳನ್ನು ಅನುಕಲಿಸಿದಾಗ f(x) = C» ಎಂಬುದು ಉತ್ತರ. ಇದಕ್ಕೆ ನಾನು ಅಂಕ ಕೊಡಲಿಲ್ಲ. ಏಕೆ ಕೊಡಲಿಲ್ಲ ಎಂಬುದನ್ನು ಮೊದಲು ಹೇಳಬೇಕು.

ಸೊನ್ನೆಯನ್ನು ಅನುಕಲಿಸಿದರೆ C ಬರುತ್ತದೆ ಎಂದರೆ ಏನರ್ಥ? ನಿಷ್ಪನ್ನ ಸೊನ್ನೆಯಾಗುವ ಫಲನಗಳು ಯಾವುವೋ ಅವೆಲ್ಲವೂ ಸ್ಥಿರ ಫಲನಗಳೇ, ಬೇರೆ ಯಾವುದೂ ಇಲ್ಲ ಎಂದರ್ಥ. ಸಾಧಿಸಬೇಕಾದದ್ದೂ ಇದೇ. ಸ್ಥಿರ ಫಲನದ ನಿಷ್ಪನ್ನ ಸೊನ್ನೆ ಎಂಬುದನ್ನು ವ್ಯಾಖ್ಯೆಯಿಂದ ಒಂದು ಸಾಲಿನಲ್ಲಿ ತೋರಿಸಬಹುದು. ಆದರೆ ಅದರ ವಿಲೋಮವನ್ನು ಯಾರೂ ನಮಗೆ ಪುಕ್ಕಟೆಯಾಗಿ ಕೊಟ್ಟಿಲ್ಲ. ಅನುಕಲದ ಪಾಠದಲ್ಲಿ ನಾವು ಕಣ್ಣುಮುಚ್ಚಿ ಸೇರಿಸುವ «+ C» ಈ ಪ್ರಮೇಯದ ಮೇಲೆ ನಿಂತಿರುವುದರಿಂದ, ಅದನ್ನೇ ಹಿಡಿದು ಈ ಪ್ರಮೇಯವನ್ನು ಸಾಧಿಸುವುದು ಸುತ್ತುವಾದವಾಗುತ್ತದೆ.

ಇನ್ನು ಕೆಲವರು, ವೇಗ ಸೊನ್ನೆಯಾದರೆ ಬಸ್ಸು ನಿಂತಲ್ಲೇ ಇರುತ್ತದೆ, ಇದರಲ್ಲಿ ಸಾಧಿಸುವುದೇನಿದೆ ಎಂಬ ಧಾಟಿಯಲ್ಲಿ ಬರೆದಿದ್ದರು. ಇವರ ಪ್ರಾಮಾಣಿಕತೆ ನನಗೆ ಹಿಡಿಸಿತು. ಆದರೆ f′(c) = 0 ಎಂಬುದು c ಎಂಬ ಒಂದು ಬಿಂದುವಿನ ಸಂಗತಿ. ಅದು ಹೇಳುವುದಿಷ್ಟೇ: x ಬಿಂದುವು c ಗೆ ಹತ್ತಿರವಾದಂತೆ f(x) − f(c) ಎಂಬ ವ್ಯತ್ಯಾಸವು x − c ಗಿಂತ ಬಹಳ ಚಿಕ್ಕದಾಗುತ್ತದೆ. ವ್ಯತ್ಯಾಸವೇ ಇಲ್ಲ ಎಂದು ಅದು ಹೇಳುವುದಿಲ್ಲ; f(x) = x² ಎಂಬ ಫಲನಕ್ಕೆ ಸೊನ್ನೆಯಲ್ಲಿ ನಿಷ್ಪನ್ನ ಸೊನ್ನೆಯೇ, ಆದರೂ ಸೊನ್ನೆಯ ಸುತ್ತಲಿನ ಯಾವ ಚಿಕ್ಕ ಅಂತರಾಳದಲ್ಲಿಯೂ ಅದು ಸ್ಥಿರವಲ್ಲ. ಹೀಗೆ ಒಂದೊಂದು ಬಿಂದುವೂ ತನ್ನ ಆಸುಪಾಸಿನ ಬಗ್ಗೆ ಕೊಡುವ ಮಾಹಿತಿಯಿಂದ, ದೂರದ ಎರಡು ಬಿಂದುಗಳಲ್ಲಿ ಬೆಲೆ ಒಂದೇ ಎಂಬ ನಿರ್ಣಯಕ್ಕೆ ದಾಟುವುದು ಹೇಗೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಪ್ರಮೇಯ. I ಎಂಬುದು ವಾಸ್ತವ ಸಂಖ್ಯೆಗಳ ಒಂದು ಅಂತರಾಳವಾಗಿರಲಿ. f : I → R ಎಂಬ ಫಲನಕ್ಕೆ I ಯ ಪ್ರತಿಯೊಂದು ಬಿಂದುವಿನಲ್ಲಿಯೂ ನಿಷ್ಪನ್ನವಿದ್ದು (ತುದಿಬಿಂದು I ಗೆ ಸೇರಿದ್ದರೆ ಅಲ್ಲಿ ಒಂದು ಬದಿಯ ನಿಷ್ಪನ್ನ), ಅದು ಎಲ್ಲೆಡೆಯೂ ಸೊನ್ನೆಯಾಗಿದ್ದರೆ, f ಸ್ಥಿರ ಫಲನ.

ಸಾಧನೆ. f ಸ್ಥಿರವಲ್ಲವೆಂದು ಭಾವಿಸೋಣ. ಹಾಗಿದ್ದರೆ I ಯಲ್ಲಿ a < b ಆಗಿದ್ದು f(a) ≠ f(b) ಆಗುವ ಎರಡು ಬಿಂದುಗಳು ಇರಲೇಬೇಕು. I ಅಂತರಾಳವಾದ್ದರಿಂದ [a, b] ಇಡಿಯಾಗಿ I ಯೊಳಗೆ ಇರುತ್ತದೆ. ಈಗ

k = |f(b) − f(a)| / (b − a)

ಎಂದು ಇಟ್ಟುಕೊಳ್ಳೋಣ, ಇಲ್ಲಿ k > 0. ಇದು (a, f(a)) ಮತ್ತು (b, f(b)) ಬಿಂದುಗಳನ್ನು ಸೇರಿಸುವ ಗೆರೆಯ ಇಳಿಜಾರಿನ ಪರಿಮಾಣ.

[a, b] ಯ ಮಧ್ಯಬಿಂದು m ಆಗಿರಲಿ. [a, m] ಮತ್ತು [m, b] ಎಂಬ ಎರಡು ಅರ್ಧಗಳಲ್ಲಿ ಕನಿಷ್ಠ ಒಂದರ ಮೇಲಾದರೂ, ತುದಿಗಳಲ್ಲಿನ ಬೆಲೆಗಳ ವ್ಯತ್ಯಾಸವು ಆ ಅರ್ಧದ ಉದ್ದದ k ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಹಾಗಲ್ಲದಿದ್ದರೆ |f(m) − f(a)| < k(m − a) ಮತ್ತು |f(b) − f(m)| < k(b − m) ಎರಡೂ ನಿಜವಾಗಿ, ತ್ರಿಭುಜ ಅಸಮತೆಯ ಪ್ರಕಾರ

|f(b) − f(a)| ≤ |f(b) − f(m)| + |f(m) − f(a)| < k(b − m) + k(m − a) = k(b − a)

ಎಂದಾಗುತ್ತದೆ, ಇದು k ಯ ವ್ಯಾಖ್ಯೆಗೇ ವಿರುದ್ಧ. ಆದ್ದರಿಂದ ಅಂತಹ ಒಂದು ಅರ್ಧವನ್ನು ಆರಿಸಿ [a₁, b₁] ಎಂದು ಕರೆಯೋಣ. ಎರಡೂ ಅರ್ಧಗಳು ಒಪ್ಪುವಂತಿದ್ದರೆ ಎಡದ್ದನ್ನೇ ತೆಗೆದುಕೊಳ್ಳೋಣ. ಅದನ್ನು ಮತ್ತೆ ಅರ್ಧಿಸಿ ಇದೇ ಬಗೆಯಲ್ಲಿ [a₂, b₂] ಪಡೆಯೋಣ. ಹೀಗೆ ಮುಂದುವರಿದಾಗ, ಒಂದರೊಳಗೊಂದು ಅಡಗಿರುವ ಸಂವೃತ ಅಂತರಾಳಗಳ ಸರಣಿ ದೊರೆಯುತ್ತದೆ. ಅದರಲ್ಲಿ n ನೆಯದರ ಉದ್ದ (b − a)/2ⁿ, ಮತ್ತು ಪ್ರತಿಯೊಂದರಲ್ಲಿಯೂ

|f(bₙ) − f(aₙ)| ≥ k(bₙ − aₙ).  … (1)

ವಾಸ್ತವ ಸಂಖ್ಯೆಗಳ ಪೂರ್ಣತೆಯಿಂದ ಈ ಎಲ್ಲ ಅಂತರಾಳಗಳಿಗೂ ಸೇರಿದ ಬಿಂದು c ಒಂದಿದೆ: aₙ ಗಳ ಕನಿಷ್ಠ ಮೇಲ್ಮಿತಿಯೇ ಅದು. ಪ್ರತಿಯೊಂದು n ಗೂ aₙ ≤ c ≤ bₙ. ಈ c ಕೂಡ I ಗೆ ಸೇರಿದ್ದು, ಆದ್ದರಿಂದ ದತ್ತಾಂಶದ ಪ್ರಕಾರ f′(c) = 0. ನಿಷ್ಪನ್ನದ ವ್ಯಾಖ್ಯೆಯಲ್ಲಿ ε ಗೆ k/2 ಎಂಬ ಬೆಲೆಯನ್ನು ಕೊಟ್ಟರೆ, |x − c| < δ ಆಗಿರುವ I ಯ ಪ್ರತಿಯೊಂದು x ಗೂ

|f(x) − f(c)| ≤ (k/2)|x − c|  … (2)

ಆಗುವಂತೆ ಒಂದು δ > 0 ದೊರೆಯುತ್ತದೆ. (b − a)/2ⁿ < δ ಆಗುವಷ್ಟು ದೊಡ್ಡ n ಅನ್ನು ಆರಿಸಿಕೊಂಡರೆ aₙ, bₙ ಎರಡೂ c ಯಿಂದ δ ಗಿಂತ ಕಡಿಮೆ ದೂರದಲ್ಲಿರುತ್ತವೆ. ಆಗ (2) ರಿಂದ

|f(bₙ) − f(aₙ)| ≤ |f(bₙ) − f(c)| + |f(c) − f(aₙ)| ≤ (k/2)(bₙ − c) + (k/2)(c − aₙ) = (k/2)(bₙ − aₙ).

k > 0 ಮತ್ತು bₙ > aₙ ಆದ್ದರಿಂದ ಇದು (1) ಕ್ಕೆ ವಿರುದ್ಧ. ಆದುದರಿಂದ f ಸ್ಥಿರವಲ್ಲವೆಂಬ ಭಾವನೆ ತಪ್ಪು. ಸಾಧನೆ ಮುಗಿಯಿತು.

ಕೊನೆಯ ಸಾಲಿನಲ್ಲಿ c ಯು aₙ ಮತ್ತು bₙ ಗಳ ನಡುವೆ ಇರುವುದು ಮುಖ್ಯ. ಅದರಿಂದಲೇ bₙ − c ಮತ್ತು c − aₙ ಎರಡೂ ಋಣವಲ್ಲದವಾಗಿ, ಅವುಗಳ ಮೊತ್ತ ನಿಖರವಾಗಿ ಅಂತರಾಳದ ಉದ್ದವಾಗುತ್ತದೆ. ಕಪ್ಪುಹಲಗೆಯ ಮೇಲೆ ಬರೆಯುವಾಗ ನಾನೇ ಈ ಮಾತನ್ನು ಹೇಳದೆ ದಾಟಿಹೋಗುವುದುಂಟು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೊಡುವ ದಾರಿ ಬೇರೆ: ಸರಾಸರಿ ಮೌಲ್ಯ ಪ್ರಮೇಯ, ಅಂದರೆ ಮೀನ್ ವ್ಯಾಲ್ಯೂ ಥಿಯರಂ. ಅದರಂತೆ a, b ಗಳ ನಡುವೆ f(b) − f(a) = f′(c)(b − a) ಆಗುವ c ಇದೆ; f′(c) = 0 ಆದ್ದರಿಂದ f(b) = f(a). ಪರೀಕ್ಷೆಯಲ್ಲಿ ಪ್ರಮೇಯದ ಹೆಸರು ಹೇಳಿ, ಅದರ ಷರತ್ತುಗಳು ಪೂರೈಸಿವೆಯೆಂದು ತೋರಿಸಿ ಈ ಎರಡು ಸಾಲು ಬರೆದವರಿಗೆ ಪೂರ್ಣ ಅಂಕ ಕೊಟ್ಟಿದ್ದೇನೆ. ಆದರೆ ಆ ಪ್ರಮೇಯದ ಬೆನ್ನಿಗೆ ರೋಲ್‌ನ ಪ್ರಮೇಯವಿದೆ, ಅದರ ಬೆನ್ನಿಗೆ ಸಂವೃತ ಅಂತರಾಳದ ಮೇಲಿನ ಅವಿಚ್ಛಿನ್ನ ಫಲನವು ತನ್ನ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಮುಟ್ಟುತ್ತದೆ ಎಂಬ ಪ್ರಮೇಯವಿದೆ, ಅದರ ಬೆನ್ನಿಗೆ ಮತ್ತೆ ಪೂರ್ಣತೆಯೇ ಇದೆ. ರೋಲ್ 1691ರಲ್ಲಿ ತನ್ನ ಫಲಿತಾಂಶವನ್ನು ಬಹುಪದಗಳಿಗಷ್ಟೇ, ಬೀಜಗಣಿತದ ಬಗೆಯಲ್ಲಿ ಸಾಧಿಸಿದ್ದ. ಕೋಶಿ 1823ರಲ್ಲಿ ಸರಾಸರಿ ಮೌಲ್ಯದ ವಿಚಾರವನ್ನು ಕಲನಶಾಸ್ತ್ರದ ನಡುಮನೆಗೆ ತಂದ. ಅರ್ಧಿಸುವ ಸಾಧನೆಯು ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ಪೂರ್ಣತೆಗೇ ಇಳಿಯುವುದರಿಂದ, ಭಾರ ಎಲ್ಲಿ ಬೀಳುತ್ತಿದೆ ಎಂಬುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ ಅದನ್ನು ಮುಂದಿಟ್ಟೆ.

ಆ ಭಾರ ನಿಜವಾಗಿಯೂ ಇದೆಯೇ ಎಂದು ಪರೀಕ್ಷಿಸಲು, ವಾಸ್ತವ ಸಂಖ್ಯೆಗಳ ಬದಲು ಭಾಗಲಬ್ಧ ಸಂಖ್ಯೆಗಳು ಮಾತ್ರ ಇರುವ ಒಂದು ಲೋಕವನ್ನು ಊಹಿಸಿಕೊಳ್ಳಿ. 1 ರಿಂದ 2 ರವರೆಗಿನ ಭಾಗಲಬ್ಧ ಸಂಖ್ಯೆಗಳ ಮೇಲೆ, x² < 2 ಆದಾಗ f(x) = 0 ಎಂದೂ x² > 2 ಆದಾಗ f(x) = 1 ಎಂದೂ ಇರಲಿ. ಯಾವ ಭಾಗಲಬ್ಧ ಸಂಖ್ಯೆಯ ವರ್ಗವೂ 2 ಅಲ್ಲವಾದ್ದರಿಂದ f ಎಲ್ಲೆಡೆಯೂ ವ್ಯಾಖ್ಯಿತ. ಪ್ರತಿಯೊಂದು ಭಾಗಲಬ್ಧ ಬಿಂದುವೂ √2 ರಿಂದ ಸ್ವಲ್ಪವಾದರೂ ದೂರದಲ್ಲಿರುತ್ತದೆ; ಆ ದೂರದೊಳಗೆ f ಬದಲಾಗುವುದೇ ಇಲ್ಲ; ಆದ್ದರಿಂದ ಎಲ್ಲ ಬಿಂದುಗಳಲ್ಲಿಯೂ ನಿಷ್ಪನ್ನ ಸೊನ್ನೆ. ಆದರೂ f(1) = 0, f(2) = 1. ನಮ್ಮ ಸಾಧನೆಯನ್ನು ಇದರ ಮೇಲೆ ಓಡಿಸಿ ನೋಡಿದರೆ k = 1 ಆಗಿ, [1, 1.5], [1.25, 1.5], [1.375, 1.5], [1.375, 1.4375], [1.40625, 1.4375] ಎಂದು ಅರ್ಧಿಸುವ ಕೆಲಸ ಎಲ್ಲಿಯೂ ತಡೆಯಿಲ್ಲದೆ ಸಾಗುತ್ತದೆ, (1) ಕೂಡ ಪ್ರತಿ ಹಂತದಲ್ಲಿಯೂ ನಿಜವಾಗಿರುತ್ತದೆ. ಮುರಿಯುವುದು ಒಂದೇ ಹೆಜ್ಜೆ: ಅಂತರಾಳಗಳು ಕೂಡುವ ಜಾಗದಲ್ಲಿ c ಎಂಬ ಬಿಂದುವೇ ಇಲ್ಲ. ಬಸ್ಸಿನ ದೃಷ್ಟಾಂತ ಕೊಟ್ಟವರಿಗೆ ಉತ್ತರ ಇಲ್ಲಿದೆ. ಕಾಲದಲ್ಲಿ ಬಿರುಕುಗಳಿಲ್ಲ ಎಂಬ ನಂಬಿಕೆಯನ್ನು ಅವರು ಹೇಳದೆಯೇ ಬಳಸಿಕೊಂಡಿದ್ದರು.

«ಅಂತರಾಳ» ಎಂಬ ಮಾತನ್ನು ಬಿಟ್ಟರೂ ಪ್ರಮೇಯ ಉಳಿಯುವುದಿಲ್ಲ. ಇದಕ್ಕೆ ಪರೀಕ್ಷೆಗಳಲ್ಲಿ ಪದೇ ಪದೇ ಕಾಣುವ ಉದಾಹರಣೆ g(x) = tan⁻¹ x + tan⁻¹(1/x). x ≠ 0 ಆದಾಗ

g′(x) = 1/(1 + x²) − 1/(x² + 1) = 0.

x = 1 ಹಾಕಿ g(1) = π/4 + π/4 = π/2 ಪಡೆದು, ಎಲ್ಲೆಡೆಯೂ π/2 ಎಂದು ಬರೆಯುವವರು ಹಲವರು. ಆದರೆ g(−1) = −π/2. ವ್ಯಾಖ್ಯಾಪ್ರದೇಶವು ಸೊನ್ನೆಯಲ್ಲಿ ತುಂಡಾಗಿದೆ. ಪ್ರಮೇಯವು (−∞, 0) ಮತ್ತು (0, ∞) ಗಳಿಗೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ, ಎರಡು ತುಂಡುಗಳ ಸ್ಥಿರಾಂಕಗಳು ಒಂದೇ ಆಗಿರಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಇದೇ ಕಾರಣಕ್ಕೆ 1/x ನ ಅನುಕಲದಲ್ಲಿಯೂ ಧನ ಭಾಗಕ್ಕೊಂದು, ಋಣ ಭಾಗಕ್ಕೊಂದು C ಇರಲು ಅವಕಾಶವಿದೆ.

«ಪ್ರತಿಯೊಂದು ಬಿಂದುವಿನಲ್ಲಿಯೂ» ಎಂಬ ಮಾತನ್ನು ಎಷ್ಟರಮಟ್ಟಿಗೆ ಸಡಿಲಿಸಬಹುದು? f ಅವಿಚ್ಛಿನ್ನವಾಗಿದ್ದು, ನಾಲ್ಕೈದು ಬಿಂದುಗಳಲ್ಲಿ ಮಾತ್ರ ನಿಷ್ಪನ್ನದ ವಿಷಯ ತಿಳಿಯದಿದ್ದರೆ ತೊಂದರೆಯಿಲ್ಲ. ಅವುಗಳ ನಡುವಿನ ತುಂಡುಗಳಲ್ಲಿ f ಸ್ಥಿರ, ಅವಿಚ್ಛಿನ್ನತೆ ಆ ತುಂಡುಗಳನ್ನು ಬೆಸೆಯುತ್ತದೆ. ಆದರೆ ಒಟ್ಟು ಉದ್ದ ಸೊನ್ನೆಯಾಗಿರುವ ಗಣವೊಂದನ್ನು ಬಿಟ್ಟು ಉಳಿದೆಡೆ ಎಂದು ಸಡಿಲಿಸಿದರೆ ಪ್ರಮೇಯ ಸುಳ್ಳಾಗುತ್ತದೆ. ಕ್ಯಾಂಟರ್‌ನ ಹೆಸರಿನ ಫಲನವು [0, 1] ರ ಮೇಲೆ ಅವಿಚ್ಛಿನ್ನ. ಕ್ಯಾಂಟರ್ ಗಣದ ಹೊರಗೆ ಅದರ ನಿಷ್ಪನ್ನ ಸೊನ್ನೆ. ಆ ಗಣದ ಉದ್ದವೂ ಸೊನ್ನೆ. ಆದರೂ ಫಲನ 0 ಯಿಂದ 1 ಕ್ಕೆ ಏರುತ್ತದೆ. ಅಲ್ಲಿ ನಮ್ಮ ಅರ್ಧಿಸುವ ಕ್ರಮ c ಯನ್ನು ಖಂಡಿತವಾಗಿ ಆ ಗಣದೊಳಗೇ ಕೊಂಡೊಯ್ಯುತ್ತದೆ, ಏಕೆಂದರೆ ಹೊರಗಿನ ಯಾವ ಬಿಂದುವಿನಲ್ಲಿಯೂ ವಿರೋಧಾಭಾಸ ತಪ್ಪಿದ್ದಲ್ಲ.

ಮುಂದಿನ ತರಗತಿಗೆ ಬರುವ ಮೊದಲು ಒಂದು ಲೆಕ್ಕ ಮಾಡಿಕೊಂಡು ಬನ್ನಿ. R ನ ಎಲ್ಲ x, y ಗಳಿಗೂ |f(x) − f(y)| ≤ (x − y)² ಆಗಿದ್ದರೆ f ಸ್ಥಿರವೆಂದು ತೋರಿಸಿ. ಇದಕ್ಕೆ ಎರಡು ಉತ್ತರಗಳನ್ನು ನಿರೀಕ್ಷಿಸುತ್ತೇನೆ. ಒಂದು, ಎರಡೂ ಬದಿಗಳನ್ನು |x − y| ನಿಂದ ಭಾಗಿಸಿ f′ ಸೊನ್ನೆಯೆಂದು ತೋರಿಸಿ ಮೇಲಿನ ಪ್ರಮೇಯವನ್ನು ಬಳಸುವುದು. ಇನ್ನೊಂದು, ನಿಷ್ಪನ್ನದ ಹೆಸರನ್ನೇ ಎತ್ತದೆ, [x, y] ಯನ್ನು n ಸಮಭಾಗಗಳಾಗಿ ಮಾಡಿ |f(x) − f(y)| ≤ n · ((y − x)/n)² = (y − x)²/n ಎಂದು ಪಡೆಯುವುದು. ಎರಡನೆಯ ಉತ್ತರ ಭಾಗಲಬ್ಧ ಸಂಖ್ಯೆಗಳ ಲೋಕದಲ್ಲಿಯೂ ಸರಿಹೋಗುತ್ತದೆ. ಮೊದಲನೆಯದು ಅಲ್ಲಿ ಎಲ್ಲಿ ನಿಲ್ಲುತ್ತದೆ, ಎರಡನೆಯದು ಏಕೆ ನಿಲ್ಲುವುದಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು ತನ್ನಿ.