ಎರಡು ಬೋರ್ಡು

ಛತ್ರಿ ರಿಪೇರಿ ಅಂಗಡಿಯ ಯಜಮಾನರು ಬೋರ್ಡು ಬರೆಸಬೇಕು ಅಂತ ನನ್ನ ಹತ್ರ ಬಂದಾಗ ಅವರು ಖಚಿತವಾಗಿ ಹೇಳಿದ್ದು ಅಳತೆಯೊಂದನ್ನೇ. ಆರಡಿ ಉದ್ದ, ಎರಡಡಿ ಅಗಲ. ಬಣ್ಣ ಕೇಳಿದರೆ ‘ನೋಡೋಣ’ ಅಂದರು. ‘ಛತ್ರಿ’ ಅಂತ ಬರೆಯಲಾ, ‘ಕೊಡೆ’ ಅಂತ ಬರೆಯಲಾ ಅಂದಿದ್ದಕ್ಕೆ ಒಂದು ವಾರ ಟೈಮ್ ತಗೊಂಡರು. ಕೊನೆಗೆ ನಾನೇ, ಎರಡು ಸ್ಯಾಂಪಲ್ ಬರೆದು ತರ್ತೀನಿ, ಕಣ್ಣಾರೆ ನೋಡಿ ಹೇಳಿ ಅಂದೆ.

ಎರಡೆರಡು ಅಡಿಯ ತಗಡಿನ ತುಂಡು ಕತ್ತರಿಸಿದೆ. ಎರಡರ ಮೇಲೂ ‘ಛತ್ರಿ ರಿಪೇರಿ’, ಅಕ್ಷರದ ಎತ್ತರ ನಾಲ್ಕಿಂಚು. ಒಂದಿಂಚಿನ ಅಕ್ಷರವನ್ನ ಹತ್ತಡಿ ದೂರದಿಂದ ಆರಾಮಾಗಿ ಓದಬಹುದು ಅನ್ನೋದು ನಮ್ಮ ಕೆಲಸದ ಲೆಕ್ಕ. ಅವರ ಅಂಗಡಿ ಎದುರಿನ ರಸ್ತೆ ನಲವತ್ತಡಿ.

ಮೊದಲನೇದು ಹಳದಿ ಮೇಲೆ ಕಪ್ಪು. ದಪ್ಪ ಅಕ್ಷರ, ಯಾವ ಅಲಂಕಾರವೂ ಇಲ್ಲ. ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆದು, ಚಪ್ಪಟೆ ಬ್ರಷ್ಷಲ್ಲಿ ಅರ್ಧ ದಿನಕ್ಕೆ ಮುಗಿಸಿದೆ.

ಎರಡನೇದಕ್ಕೆ ನಾಲ್ಕು ದಿನ ಹಿಡಿಯಿತು. ಕಡು ನೀಲಿ ಮೇಲೆ ಬಿಳಿ ಅಕ್ಷರ, ಬಲಕ್ಕೂ ಕೆಳಕ್ಕೂ ಕೆಂಪು ಶೇಡ್, ಸುತ್ತ ಕೂದಲೆಳೆಯಷ್ಟು ಔಟ್‌ಲೈನ್. ತಲಕಟ್ಟನ್ನ ತುದಿಯಲ್ಲಿ ಚೂರು ಮೇಲಕ್ಕೆ ಎತ್ತಿದ್ದೆ. ‘ತ್ರಿ’ಯ ಕೆಳಗಿನ ಒತ್ತನ್ನ ಛತ್ರಿಯ ಹಿಡಿಯ ಥರ ಬಗ್ಗಿಸಿದ್ದೆ. ಅದನ್ನ ಬರೆಯುವಾಗ ಬಟ್ಟೆ ಸುತ್ತಿದ ಕೋಲಿನ ಮೇಲೆ ಕೈ ಇಟ್ಟುಕೊಂಡು, ಉಸಿರು ಬಿಗಿ ಹಿಡಿದು ಒಂದೇ ಎಳೆತಕ್ಕೆ ಎಳೆದಿದ್ದೆ. ಅಂಥ ಗೆರೆ ಬೇಕು ಅಂದಾಗೆಲ್ಲ ಬರುವುದಿಲ್ಲ. ಅವತ್ತು ಬಂತು. ರಾತ್ರಿ ಮಲಗೋ ಮುಂಚೆ ಎರಡು ಸಲ ಎದ್ದು ಹೋಗಿ ನೋಡಿ ಬಂದೆ.

ಯಜಮಾನರು ಎರಡನ್ನೂ ಅಂಗಡಿ ಬಾಗಿಲ ಮೇಲೆ ಪಕ್ಕಪಕ್ಕ ನೇತುಹಾಕಿಸಿದರು. ಬೆಳಿಗ್ಗೆ ನೀಲಿ ಇಷ್ಟವಾಯಿತು. ಮಧ್ಯಾಹ್ನ ಬಿಸಿಲು ಬಿದ್ದಾಗ ಹಳದಿ ಸರಿ ಅನಿಸಿತು. ಎಡಗಡೆ ಇರೋದೇ ಮೊದಲು ಕಣ್ಣಿಗೆ ಬೀಳುತ್ತೆ ಅಲ್ವಾ, ಅದಕ್ಕೆ ಹಂಗೆ ಅನಿಸ್ತಿರಬೇಕು ಅಂತ ಜಾಗ ಅದಲುಬದಲು ಮಾಡಿಸಿದರು. ಛತ್ರಿ ಕೊಡೋಕೆ ಬಂದವರನ್ನೆಲ್ಲ ನಿಲ್ಲಿಸಿ ಕೇಳಿದರು. ಒಬ್ಬರು ನೀಲಿ ಅಂದರೆ ಇನ್ನೊಬ್ಬರು ಹಳದಿ. ಒಂದು ಮಗು ಎರಡೂ ಬೇಕು ಅಂತು. ಯಜಮಾನರು ಅದರ ಮುಖ ನೋಡಿ, ‘ಸರಿಯಾಗೇ ಹೇಳ್ತಿದೆ’ ಅಂದರು.

ಅವರದು ಸುಮ್ನೆ ಕಾಲಹರಣ ಅಂತ ನನಗೆ ಯಾವತ್ತೂ ಅನಿಸಲಿಲ್ಲ. ಮುರಿದ ಕಡ್ಡಿಯನ್ನ ಅವರು ಹಿಡಿಯೋ ರೀತಿ ನೋಡಿದ್ದೆ. ಇದನ್ನೇ ನೆಟ್ಟಗೆ ಮಾಡಬಹುದಾ, ಬೇರೆ ಹಾಕಲೇಬೇಕಾ ಅಂತ ತಿರುಗಿಸಿ ತಿರುಗಿಸಿ ನೋಡೋರು. ಬಿಸಾಕೋ ಮುಂಚೆ ಹತ್ತು ಸಲ ಯೋಚನೆ ಮಾಡೋ ಕೈ ಅದು.

ಐದನೇ ದಿನ ಸಂಜೆ ನನ್ನನ್ನ ಕರೆಸಿದರು.

‘ಪೇಂಟರೇ, ನನ್ನ ಕೈಲಿ ಆಗ್ತಿಲ್ಲ. ನೀವು ಯಾವುದು ಅಂತೀರೋ ಅದೇ. ನಿಮ್ಮ ಮಾತೇ ಫೈನಲ್.’

ನೀಲಿ ಅನ್ನೋದು ನನ್ನ ಬಾಯಲ್ಲೇ ಇತ್ತು. ಒಂದು ಪದ ಹೇಳಿದ್ದರೆ ಮುಗಿದುಹೋಗಿತ್ತು. ಅವರು ಪೂರಾ ನಂಬಿಕೊಂಡು ನಿಂತಿದ್ದರು. ಅದೇ ಕಷ್ಟಕ್ಕೆ ಬಂತು.

‘ಒಂದ್ನಿಮಿಷ ಇರಿ ಯಜಮಾನ್ರೇ’ ಅಂತ ರಸ್ತೆ ದಾಟಿ ಆ ಕಡೆ ಹೋಗಿ ನಿಂತೆ.

ಅಲ್ಲಿಂದ ಹಳದಿ ಬೋರ್ಡು ಸಲೀಸಾಗಿ ಓದೋಕೆ ಬಂತು. ಅರ್ಧ ಕತ್ತಲಾಗಿದ್ದರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕಾಣ್ತಿತ್ತು. ನೀಲಿಯಲ್ಲಿ ಕೆಂಪು ಶೇಡ್ ಆಗಲೇ ಕಪ್ಪಗೆ ಕಂಡು, ನೀಲಿಯ ಜೊತೆ ಸೇರಿಹೋಗಿತ್ತು. ‘ಛ’ದ ಕೆಳಗಿನ ಮಹಾಪ್ರಾಣದ ಗೀಟನ್ನ ಶೇಡೇ ನುಂಗಿತ್ತು. ಅಲ್ಲಿಂದ ಓದಿದರೆ ‘ಚತ್ರಿ’. ನಾನು ಉಸಿರು ಬಿಗಿ ಹಿಡಿದು ಎಳೆದಿದ್ದ ಒತ್ತು, ಏನೋ ಕಲೆ ಅಂಟಿದ ಹಾಗೆ ಕಾಣಿಸಿತು. ನಾಲ್ಕು ದಿನ ಅದರ ಮುಂದೆ ಒಂದಡಿ ದೂರದಲ್ಲಿ ಕೂತಿದ್ದೆ. ಒಂದು ಸಲವೂ ದೂರ ಹೋಗಿ ನೋಡಿರಲಿಲ್ಲ. ಕೆಲಸ ಕಲಿಯೋ ಹುಡುಗರಿಗೆ ನಾನು ಮೊದಲು ಹೇಳಿಕೊಡೋದೇ ಅದು, ಹಿಂದೆ ಹೋಗಿ ನೋಡು ಅಂತ.

ವಾಪಸ್ ಬಂದು ಹಳದಿ ಅಂದೆ. ಯಾಕೆ ಅಂತಲೂ ಹೇಳಿದೆ. ಬಿಸಿಲಿಗೆ ಮೊದಲು ಮಾಸೋದು ಕೆಂಪೇ, ಎರಡು ವರ್ಷ ಹೋದರೆ ಶೇಡ್ ಇನ್ನೂ ಮಂಕಾಗುತ್ತೆ ಅಂತ ಅದನ್ನೂ ಸೇರಿಸಿದೆ. ಯಜಮಾನರು ತಲೆ ಆಡಿಸಿದರು. ನೀಲಿ ಬೋರ್ಡನ್ನ ಅವರೇ ಇಳಿಸಿ, ಅಂಗಿ ತೋಳಲ್ಲಿ ಧೂಳು ಒರೆಸಿ ನನ್ನ ಕೈಗೆ ಕೊಟ್ಟರು.

ಆರಡಿ ಬೋರ್ಡು ಬರೆದು ಏರಿಸಿದ್ದಾಯಿತು. ಲೆಕ್ಕ ಚುಕ್ತಾ ಆಯಿತು. ನೀಲಿ ತಗಡು ಮಾತ್ರ ಗೋಡೆಗೆ ಒರಗಿಕೊಂಡು ಉಳೀತು. ಕಣ್ಣಿಗೆ ಬಿದ್ದಾಗೆಲ್ಲ ಬೇಜಾರಾಗೋದು. ತಗಡನ್ನ ಬೇರೆ ಯಾವುದಕ್ಕಾದರೂ ಬಳಸೋಣ ಅಂತ ಒಂದು ದಿನ ಉಪ್ಪುಕಾಗದ ಹಾಕಿ ಮೇಲೆ ಮೇಲೆ ಉಜ್ಜಿ, ಬೂದು ಪ್ರೈಮರ್ ಒಂದು ಕೋಟ್ ಹೊಡೆದೆ.

ಅವತ್ತೇ ಸಂಜೆ ಯಜಮಾನರು ಬಂದರು. ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದರು.

‘ಆ ನೀಲಿದು ಇದೆಯಾ?’

ನಾನು ಬೂದು ತಗಡು ತೋರಿಸಿದೆ. ಅವರು ಏನೂ ಅನ್ನಲಿಲ್ಲ. ಬಗ್ಗಿ ನೋಡಿದರು. ಕಿಟಕಿಯ ಬೆಳಕು ಓರೆಯಾಗಿ ಬೀಳ್ತಿತ್ತು. ಉಜ್ಜಿದ್ದರೂ ಎನಾಮಲ್ ದಪ್ಪ ಹಾಗೇ ಉಳಿದಿತ್ತು. ಬೂದು ಬಣ್ಣದೊಳಗೆ ಅಕ್ಷರಗಳು ಉಬ್ಬುಬ್ಬಾಗಿ ನಿಂತಿದ್ದವು. ಒತ್ತಿನ ಬಾಗೂ ಕಾಣ್ತಿತ್ತು. ಯಜಮಾನರು ಹಸಿ ಬಣ್ಣಕ್ಕೆ ತಾಗದ ಹಾಗೆ, ಒಂದು ಕೂದಲಷ್ಟು ಮೇಲೆ ಬೆರಳು ಹಿಡಿದು ಅದರ ಗುಂಟ ಓಡಿಸಿದರು.

‘ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತೆ’ ಅಂದೆ. ಯಾಕೆ ಹಾಗಂದೆನೋ.

‘ಹೊಡೀಬೇಡಿ’ ಅಂದರು. ತಕ್ಷಣ ಅಂದರು. ಅವರು ಯೋಚನೆ ಮಾಡದೆ ಒಂದು ಮಾತು ಹೇಳಿದ್ದನ್ನ ನಾನು ಕೇಳಿದ್ದು ಅದೇ ಮೊದಲು. ‘ನಾನು ಕೂತು ಕೆಲಸ ಮಾಡ್ತೀನಲ್ಲ, ಅದರ ಎದುರು ಗೋಡೆಗೆ ಹಾಕೋಣ. ಅಲ್ಲಿಗೆ ಮೂರು ಹೆಜ್ಜೆ. ಮೂರು ಹೆಜ್ಜೆಗೆ ಚೆನ್ನಾಗಿ ಕಾಣುತ್ತೆ ಅಲ್ವಾ?’

ಪ್ರೈಮರ್ ಒಣಗಿದ ಮೇಲೆ ತಗಡನ್ನ ಮತ್ತೆ ಮಣೆ ಮೇಲೆ ಇಟ್ಟೆ. ನೀಲಿ ಹೊಡೆದ ಮೇಲೂ ಹಳೇ ಗೆರೆಗಳ ಉಬ್ಬು ಕೈಗೆ ಸಿಗ್ತಿತ್ತು. ಈ ಸಲ ‘ಛ’ದ ಗೀಟಿನ ಸುತ್ತ ಜಾಗ ಬಿಟ್ಟು, ಶೇಡನ್ನ ಅರ್ಧಕ್ಕೆ ಇಳಿಸಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ. ಬಿಳಿ ಡಬ್ಬಿ ತೆಗೆದು, ಬ್ರಷ್ ಅದ್ದಿ, ಕೋಲಿನ ಮೇಲೆ ಕೈ ಇಟ್ಟೆ.

ಯಜಮಾನರು ಅಂಗಡಿ ಮುಚ್ಚಿ ಬಂದು ನನ್ನ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು.

‘ಪೇಂಟರೇ’ ಅಂದರು ಮೆಲ್ಲಗೆ. ‘ಅಚ್ಚ ಬಿಳಿನೇ ಇರಲಾ, ಇಲ್ಲಾ ಚೂರು ಕೆನೆ ಬಣ್ಣ?’

ನಾನು ಬ್ರಷ್ ಎತ್ತಿಕೊಂಡು, ಅವರ ಸ್ಟೂಲಿನ ಪಕ್ಕಕ್ಕೆ ಹೋಗಿ ನಿಂತು ನೋಡಿದೆ.