ಅಧ್ಯಾಯ 7: ಗುಣಮಟ್ಟ ನಿಯಂತ್ರಣ ಮತ್ತು ದೂರು ನಿರ್ವಹಣೆ (ಗಾಣದ ಶೇಂಗಾ ಎಣ್ಣೆ ಘಟಕ, ಚಳ್ಳಕೆರೆ)

7.1 ಕಚ್ಚಾ ಮಾಲು
ನಮ್ಮ ಎಣ್ಣೆಗೆ ರಿಫೈನಿಂಗ್ ಇಲ್ಲ. ಬೀಜದಲ್ಲಿ ಬೂಷ್ಟಿನ ವಿಷ, ಅಂದರೆ ಅಫ್ಲಾಟಾಕ್ಸಿನ್ ಇದ್ದರೆ ಅದರಲ್ಲೊಂದು ಪಾಲು ಎಣ್ಣೆಗಿಳಿಯುತ್ತದೆ. ಆಮೇಲೆ ತೆಗೆಯಲು ನಮ್ಮಲ್ಲಿ ದಾರಿಯಿಲ್ಲ. ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿದು, ಅದನ್ನು ತಿಂದ ಹಸುವಿನ ಹಾಲಿಗೂ ಬರುತ್ತದೆ. ಆದ್ದರಿಂದ ಈ ಘಟಕದ ಗುಣಮಟ್ಟ ತೀರ್ಮಾನವಾಗುವುದು ಬೀಜ ಆರಿಸುವ ಮೇಜಿನ ಮೇಲೆ.

ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ಮಾದರಿ ತೆಗೆದು ತೇವಾಂಶ ನೋಡಬೇಕು. ಶೇ. 7 ದಾಟಿದರೆ ಲೋಡು ಇಳಿಸಿಕೊಳ್ಳುವುದಿಲ್ಲ. ಒಳಗೆ ಬಂದ ಬೀಜದಲ್ಲಿ ಸುಕ್ಕುಗಟ್ಟಿದ್ದು, ಬಣ್ಣಗೆಟ್ಟಿದ್ದು, ಹಸಿರು-ಹಳದಿ ಪುಡಿ ಹಿಡಿದದ್ದನ್ನು ಕೈಯಿಂದ ಆರಿಸಬೇಕು. ಆರಿಸಿ ತೆಗೆದದ್ದನ್ನು ಹಿಂಡಿಗೆ ಸೇರಿಸುವಂತಿಲ್ಲ, ಸುಡಬೇಕು. ಪ್ರತಿ ಹೊಸ ಲಾಟಿನ ಮಾದರಿ ಅಫ್ಲಾಟಾಕ್ಸಿನ್ ಪರೀಕ್ಷೆಗೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿ ಬರುವವರೆಗೆ ಆ ಲಾಟು ಗಾಣಕ್ಕೆ ಬೀಳುವುದಿಲ್ಲ.

7.2 ಗಾಣದಿಂದ ಬಾಟಲಿವರೆಗೆ
ಅರೆಯುವಾಗ ಚಿಮುಕಿಸುವ ನೀರು ಅಳತೆ ಲೋಟದಲ್ಲೇ. ನೀರು ಹೆಚ್ಚಾದರೆ ಎಣ್ಣೆ ಮಬ್ಬಾಗುತ್ತದೆ, ಬಾಣಲೆಯಲ್ಲಿ ಸಿಡಿಯುತ್ತದೆ, ಬೇಗ ಕಮಟುತ್ತದೆ. ಮಡ್ಡಿ ತಳಕ್ಕಿಳಿಯಲು ಎಣ್ಣೆ ಸ್ಟೀಲ್ ಟ್ಯಾಂಕಿನಲ್ಲಿ 4 ದಿನ ನಿಲ್ಲಬೇಕು. ತಾಮ್ರ, ಹಿತ್ತಾಳೆ ಪಾತ್ರೆ ಬೇಡ, ಅವು ಕಮಟುವಿಕೆಯನ್ನು ಚುರುಕುಗೊಳಿಸುತ್ತವೆ. ಬೇಡಿಕೆ ಎಷ್ಟಿದ್ದರೂ ಈ 4 ದಿನದಲ್ಲಿ ಕಡಿತವಿಲ್ಲ.

ಪ್ರತಿ ಬ್ಯಾಚಿನ ಆಮ್ಲಾಂಕ, ಅಂದರೆ ಎಣ್ಣೆಯಲ್ಲಿ ಬಿಡಿ ಆಮ್ಲ ಎಷ್ಟಿದೆ ಎಂಬ ಅಳತೆ, ಲೆಕ್ಕ ಹಾಕಬೇಕು. V ಎಂದರೆ ಹಿಡಿದ ಕ್ಷಾರದ ಮಿ.ಲೀ., N ಕ್ಷಾರದ ಸಾಂದ್ರತೆ, W ಎಣ್ಣೆಯ ಗ್ರಾಂ:

```
AV = V × N × 56.1 ÷ W
```

10 ಗ್ರಾಂ ಎಣ್ಣೆಗೆ 0.1 N ಕ್ಷಾರ 2.4 ಮಿ.ಲೀ. ಹಿಡಿದರೆ ಆಮ್ಲಾಂಕ 1.35. ಕಾನೂನಿನ ಮಿತಿ 6, ನಮ್ಮ ಮಿತಿ 2. ತುಂಬುವುದು ತೂಕದ ಮೇಲೆ: 1 ಲೀಟರಿಗೆ ಸುಮಾರು 910 ಗ್ರಾಂ. ಪ್ರತಿ ಬ್ಯಾಚಿನ 2 ಬಾಟಲಿಗಳನ್ನು ಕತ್ತಲ ಕಪಾಟಿನಲ್ಲಿ 4 ತಿಂಗಳು ಇಡಬೇಕು. ಬಾಟಲಿಯ ಬಾಳಿಕೆ 3 ತಿಂಗಳು.

7.3 ದೂರು
ಫೋನಿನಲ್ಲಿ ಬಂದರೂ, ಅಂಗಡಿಯವರು ಬಾಯಿಮಾತಲ್ಲಿ ಹೇಳಿದರೂ ಅಂದೇ ದೂರು ವಹಿಯಲ್ಲಿ ಬರೆಯಬೇಕು: ಬ್ಯಾಚ್ ಸಂಖ್ಯೆ, ಕೊಂಡ ಅಂಗಡಿ, ಬಾಟಲಿ ತೆರೆದ ದಿನ. 24 ಗಂಟೆಯೊಳಗೆ ಗ್ರಾಹಕರಿಗೆ ಮೇಲ್ವಿಚಾರಕರೇ ಕರೆ ಮಾಡುತ್ತಾರೆ. ಬಾಟಲಿ ವಾಪಸ್ ತರಿಸಿ, ಅದೇ ಬ್ಯಾಚಿನ ಕಾದಿಟ್ಟ ಬಾಟಲಿ ಪಕ್ಕದಲ್ಲಿಟ್ಟು ವಾಸನೆ, ಬಣ್ಣ, ಆಮ್ಲಾಂಕ ಹೋಲಿಸಬೇಕು. ನಮ್ಮದು ಚೆನ್ನಾಗಿದ್ದು ಅವರದ್ದು ಕಮಟಿದ್ದರೆ ಅಂಗಡಿಯ ಶೆಲ್ಫಿಗೆ ಬಿಸಿಲು ಬೀಳುತ್ತದೆಯೇ ಎಂದು ಹೋಗಿ ನೋಡಬೇಕು. ಎರಡೂ ಕೆಟ್ಟಿದ್ದರೆ ತಪ್ಪು ನಮ್ಮದು: ಬ್ಯಾಚಿನ ಮಾರಾಟ ನಿಲ್ಲಿಸಿ, ಅಂಗಡಿಗಳಿಂದ ಹಿಂಪಡೆದು, ಹಣ ಮರಳಿಸಬೇಕು. ತಳದಲ್ಲಿ ಮಡ್ಡಿ ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಟ್ಯಾಂಕಿನ ದಿನಾಂಕ.

ಚಳಿಗಾಲದಲ್ಲಿ, ಅಥವಾ ಫ್ರಿಜ್ಜಿನಲ್ಲಿಟ್ಟಾಗ ಎಣ್ಣೆ ಮಂದವಾಗಿ, ‘ಪಾಮ್ ಎಣ್ಣೆ ಬೆರೆಸಿದ್ದೀರಿ’ ಎಂಬ ದೂರು ಬರಬಹುದು. ಅದಕ್ಕೆ ವಾದ ಬೇಡ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಲು ಹೇಳಿ, ತಣ್ಣಗಾದರೆ ಶೇಂಗಾ ಎಣ್ಣೆಯೂ ಮಂದವಾಗುತ್ತದೆ ಎಂದು ತಿಳಿಸಬೇಕು. ಆಮೇಲೂ ಅನುಮಾನ ಉಳಿದರೆ ಬಾಟಲಿ ತರಿಸಿ ನಮ್ಮ ಖರ್ಚಿನಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರಯೋಗಾಲಯಕ್ಕೆ ಹೋದವು ಬಿಟ್ಟು ಉಳಿದ ದೂರುಗಳನ್ನು 7 ದಿನದೊಳಗೆ ಮುಗಿಸಿ, ಕಾರಣವನ್ನು ವಹಿಯಲ್ಲಿ ಬರೆದು ಸಹಿ ಹಾಕಬೇಕು.