ಕೇಳುಗರಲ್ಲಿ ಒಂದು ಕೋರಿಕೆ: ಶಾಸನ ಅಧ್ಯಯನ ಕುರಿತ ವಿದ್ಯಾರ್ಥಿ ವಿಚಾರ ಸಂಕಿರಣದ ಉದ್ಘಾಟನಾ ಭಾಷಣ

ಮಾನ್ಯ ಪ್ರಾಂಶುಪಾಲರೇ, ಸಹೋದ್ಯೋಗಿ ಮಿತ್ರರೇ, ಬಳ್ಳಾರಿ, ಶಿವಮೊಗ್ಗ, ಕಾರವಾರ, ಕಲಬುರಗಿಗಳಿಂದ ರಾತ್ರಿ ಬಸ್ಸು ಹಿಡಿದು ಬಂದಿರುವ ವಿದ್ಯಾರ್ಥಿಗಳೇ, ಇತಿಹಾಸ ಮತ್ತು ಪುರಾತತ್ವ ವಿಭಾಗದ ಪರವಾಗಿ ನಿಮಗೆಲ್ಲ ಆತ್ಮೀಯ ಸ್ವಾಗತ.

ಇಂದು ಮತ್ತು ನಾಳೆ ಇಲ್ಲಿ 18 ಪ್ರಬಂಧಗಳು ಮಂಡನೆಯಾಗಲಿವೆ. ಒಂದೊಂದಕ್ಕೂ 15 ನಿಮಿಷ. ಅದರ ನಂತರ ಪ್ರಶ್ನೆಗಳಿಗೆ 10 ನಿಮಿಷ. ಕಳೆದ ವರ್ಷ ಪ್ರಶ್ನೆಗಳಿಗೆ ಉಳಿದದ್ದು ಐದೇ ನಿಮಿಷ. ಈ ಸಲ ಪ್ರಬಂಧಗಳ ಸಂಖ್ಯೆಯನ್ನು ಕಡಿಮೆ ಮಾಡಿ ಆ ಅವಧಿಯನ್ನು ಹೆಚ್ಚಿಸಿದ್ದೇವೆ. ಹಾಗಾಗಿ ನನ್ನ ಇಂದಿನ ಮಾತು ಮಂಡಿಸುವವರಿಗಿಂತ ಹೆಚ್ಚಾಗಿ ಕೆಳಗೆ ಕುಳಿತು ಕೇಳುವವರಿಗೆ.

ನಮ್ಮ ಶಾಸ್ತ್ರ ಬೆಳೆದದ್ದೇ ಪ್ರಶ್ನೆಗಳಿಂದ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಆ ಕಲ್ಲಿನ 16 ಸಾಲುಗಳಲ್ಲಿ ಎಲ್ಲಿಯೂ ಕಾಲದ ಉಲ್ಲೇಖವಿಲ್ಲ. ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ ಅದನ್ನು ಪ್ರಕಟಿಸಿದ ಮೇಲೆ ಅಕ್ಷರಗಳ ಆಕಾರ ಏನು ಹೇಳುತ್ತದೆ, ಭಾಷೆ ಏನು ಹೇಳುತ್ತದೆ, ಅಲ್ಲಿ ಬರುವ ಕಾಕುಸ್ಥ ಯಾರು ಎಂದು ವಿದ್ವಾಂಸರು ಒಬ್ಬರನ್ನೊಬ್ಬರು ಕೇಳುತ್ತ, ಒಪ್ಪುತ್ತ, ಭಿನ್ನಾಭಿಪ್ರಾಯ ತಾಳುತ್ತ ಬಂದದ್ದರ ಫಲ ಆ 'ಸುಮಾರು' ಎಂಬ ಪದ. ತಾಳಗುಂದದ ಸಿಂಹಕಟಾಂಜನ ಶಾಸನ ಇದಕ್ಕಿಂತಲೂ ಹಳೆಯದು ಎಂಬ ವಾದ ಬಂದ ಮೇಲೆ, ಮುಗಿಯಿತು ಎಂದುಕೊಂಡಿದ್ದ ಚರ್ಚೆ ಮತ್ತೆ ತೆರೆದುಕೊಂಡಿದೆ. ನನಗೆ ಅದು ಬಹಳ ಸಂತೋಷದ ಸಂಗತಿ.

ನಾನು ಎಂ.ಎ. ಎರಡನೆಯ ವರ್ಷದಲ್ಲಿದ್ದಾಗ ಒಂದು ಗೋಷ್ಠಿಯಲ್ಲಿ ನಮ್ಮೂರಿನ ವೀರಗಲ್ಲೊಂದರ ಮೇಲೆ ಮೊದಲ ಪ್ರಬಂಧ ಓದಿದೆ. ಮುಗಿಯುತ್ತಲೇ ಒಬ್ಬರು ಎದ್ದು, ಇಂಥ ಓದಿನಿಂದ ಏನು ಪ್ರಯೋಜನ ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುಳಿತರು. ನನ್ನ ಕೈಯಲ್ಲಿದ್ದ ಹಾಳೆ ನಡುಗತೊಡಗಿತು. ಆಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ತಮ್ಮಾ, ಮೂರನೆಯ ಸಾಲಿನ ಆ ಅಕ್ಷರವನ್ನು ನೀನು ನೋಡಿದ್ದು ಮಧ್ಯಾಹ್ನವೋ ಸಂಜೆಯೋ?" ಎಂದು ಕೇಳಿದರು. ಮಧ್ಯಾಹ್ನ ಎಂದೆ. "ಹಾಗಾದರೆ ಒಮ್ಮೆ ಸಂಜೆ ಹೋಗಿ ನೋಡು" ಎಂದರು. ಮುಂದಿನ ವಾರ ಓರೆಬಿಸಿಲಿನಲ್ಲಿ ನೋಡಿದಾಗ, ಸವೆದುಹೋದ ಗೆರೆಯೊಂದು ನೆರಳಾಗಿ ಎದ್ದು ಕಂಡಿತು. ನಾನು ಓದಿದ್ದ ಹೆಸರೇ ತಪ್ಪಾಗಿತ್ತು. ಇಬ್ಬರೂ ನನ್ನ ಕೊರತೆಯನ್ನೇ ಕಂಡಿದ್ದರು. ಮೊದಲನೆಯವರು ನನ್ನನ್ನು ಅಲ್ಲಿಯೇ ನಿಲ್ಲಿಸಿದರು, ಎರಡನೆಯವರು ಕಲ್ಲಿನ ಬಳಿಗೆ ಮರಳಿ ಕಳಿಸಿದರು.

ಉದಾರವಾದ ಪ್ರಶ್ನೆ ಎಂದರೆ ಮೆದುವಾದ ಪ್ರಶ್ನೆ ಎಂದು ದಯವಿಟ್ಟು ತಿಳಿಯಬೇಡಿ. ಪಡಿಯಚ್ಚನ್ನು ನೀವೇ ತೆಗೆದಿರಾ, ಈ ಪಾಠಕ್ಕೆ ಬೇರೆ ಓದು ಸಾಧ್ಯವೇ, ಕಲ್ಲು ಮೊದಲಿನಿಂದ ಇದೇ ಜಾಗದಲ್ಲಿತ್ತೇ ಎಂದು ಕಟ್ಟುನಿಟ್ಟಾಗಿಯೇ ಕೇಳಿ. ಆದರೆ ಉತ್ತರ ತಿಳಿಯುವ ಆಸೆಯಿಂದ ಕೇಳಿ. "ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎಂದು ಮಂಡಿಸುವವರು ಹೇಳಿದರೆ ಈ ಸಭೆ ಅದನ್ನು ಪೂರ್ಣ ಉತ್ತರವೆಂದೇ ಸ್ವೀಕರಿಸಲಿ.

ಪದವಿಯ ಮೊದಲ ವರ್ಷದವರು, ನಮಗೇನು ತಿಳಿದಿದೆ ಎಂದು ಹಿಂಜರಿಯಬಾರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ಬೂತುಗನಿಂದ ಕಾಳಿ ಎಂಬ ನಾಯಿ ದೊರೆತದ್ದನ್ನೂ, ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನೂ ಆತಕೂರು ಶಾಸನ ಹೇಳುತ್ತದೆ. ಕಳೆದ ತಿಂಗಳು ಇದನ್ನು ಪಾಠ ಮಾಡುವಾಗ ಕುರಿ ಸಾಕುವ ಮನೆಯಿಂದ ಬಂದ ಹುಡುಗಿಯೊಬ್ಬಳು, "ಸರ್, ಒಂದೇ ನಾಯಿಯನ್ನು ಹಂದಿಯ ಮೇಲೆ ಬಿಡುತ್ತಾರೆಯೇ? ಉಳಿದ ನಾಯಿಗಳ ಮಾತು ಕಲ್ಲಿನಲ್ಲಿ ಏಕಿಲ್ಲ?" ಎಂದು ಕೇಳಿದಳು. ಎಷ್ಟೋ ವರ್ಷಗಳಿಂದ ಆ ಪಾಠ ಮಾಡುತ್ತಿರುವ ನನಗೆ ಅದು ಹೊಳೆದಿರಲಿಲ್ಲ. ಶಾಸನ ಯಾರನ್ನು ನೆನೆಯುತ್ತದೆ, ಯಾರನ್ನು ಬಿಡುತ್ತದೆ ಎಂಬ ದೊಡ್ಡ ವಿಷಯಕ್ಕೆ ಅವಳು ತನ್ನ ಹಟ್ಟಿಯ ಅನುಭವದಿಂದಲೇ ಬಂದಿದ್ದಳು.

ಆದ್ದರಿಂದ ಪ್ರತಿ ಮಂಡನೆಯ ನಂತರ ಮೊದಲ ಎರಡು ಪ್ರಶ್ನೆಗಳು ವಿದ್ಯಾರ್ಥಿಗಳಿಗೇ ಮೀಸಲು. ಅಧ್ಯಾಪಕರು ಅಲ್ಲಿಯವರೆಗೆ ಕಾಯಬೇಕೆಂದು ಕೋರುತ್ತೇನೆ, ನನ್ನನ್ನೂ ಸೇರಿಸಿ. ಮೈಕ್ ಹಿಡಿದು ಮಾತನಾಡಲು ಸಂಕೋಚವಾದವರು ಚೀಟಿಯಲ್ಲಿ ಬರೆದು ಕೊಡಬಹುದು. ಗೋಷ್ಠಿಯ ಅಧ್ಯಕ್ಷರು ಓದುತ್ತಾರೆ.

ಮೊದಲ ಪ್ರಬಂಧ ಕೆರೆಯ ತೂಬಿನ ಶಾಸನಗಳನ್ನು ಕುರಿತದ್ದು. ಕೆರೆ ನೀರಿನಲ್ಲಿ ಗದ್ದೆ ಮಾಡುವ ಮನೆಗಳಿಂದ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ತೂಬು ಹೇಗೆ ತೆರೆಯುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸಂಕಿರಣ ಆರಂಭವಾಯಿತೆಂದು ಸಾರುತ್ತ, ಮಂಡಿಸುವವರನ್ನು ವೇದಿಕೆಗೆ ಆಹ್ವಾನಿಸುತ್ತೇನೆ.